ಜೋತುಬಿದ್ದರೆ ಬೆಳೆಯದ ಎಲುಬು

ನಮ್ಮ ಮನೆತನದಲ್ಲಿ ಎತ್ತರವೆಂಬುದು ಬೇರೆಯವರ ಆಸ್ತಿ. ರಾಣೆಬೆನ್ನೂರಿನ ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಬೇಕೆಂದರೆ ನಾನು ತುದಿಗಾಲಲ್ಲಿ ನಿಲ್ಲಬೇಕು. ಬ್ರೇಕ್ ಹಾಕಿದರೆ ಪಕ್ಕದವರ ಹೆಗಲೇ ಗತಿ. ಬ್ಯಾಡಗಿಯಲ್ಲಿರುವ ತಂಗಿಯ ಮಗನಿಗೆ 19 ವರ್ಷ. ಈ ಮನೆತನದ ಶಾಪ ಕಳೆಯಲೆಂದು ದಿನಾ ಚೌಕಟ್ಟಿಗೆ ಜೋತುಬಿದ್ದು, ಒಂದು ದಿನ ಕೈ ಊರಿಕೊಂಡು ಬಿದ್ದ. ಎಕ್ಸ್‌ರೇ ನೋಡಿದ ಡಾಕ್ಟರರು, "ಎಲುಬು ಮುರಿದಿಲ್ಲ. ಬೆಳಿಯೋ ಗೆರೀನೂ ಮುಚ್ಚೇತಿ" ಎಂದರಂತೆ. ಅವ ನನ್ನ ಕಡೆ ತಿರುಗಿ, "ಮಾಮಾ, ಇನ್ನ ಎರಡಿಂಚರ ಆಗೂದಿಲ್ಲೇನು?" ಎಂದ. ಕೇಳಿದ್ದು ಎಂಥವನನ್ನು ನೋಡಿ!

ಎಳೆದರೆ ಎಲುಬು ಉದ್ದವಾಗುವುದಿಲ್ಲ. 1727ರಲ್ಲೇ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಇದರ ಗುಟ್ಟು ಬರೆದಿಟ್ಟಿದ್ದಾರೆ. ಅವರು ಕೋಳಿಮರಿಯ ಕಾಲೆಲುಬಿಗೆ ಎರಡು ತೂತು ಕೊರೆದು ಬಿಟ್ಟರು. ಎರಡು ತಿಂಗಳಿಗೆ ಎಲುಬೇನೋ ಬೆಳೆದಿತ್ತು, ತೂತುಗಳ ನಡುವಿನ ಅಂತರ ಮಾತ್ರ ಹಾಗೇ ಇತ್ತು. ಅಂದರೆ ಬೆಳವಣಿಗೆಯೆಲ್ಲ ತುದಿಗಳ ಹತ್ತಿರ.

ಅಲ್ಲಿ ಮೃದ್ವಸ್ಥಿಯ ತೆಳುವಾದ ಫಲಕವೊಂದಿದೆ. ಅದರ ಜೀವಕೋಶಗಳು ನಮ್ಮ ಕಡೆಯ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಪೇರಿಕೊಂಡಿರುತ್ತವೆ. ಎಲುಬಿನ ತುದಿಯ ಕಡೆ ಬಿಸಿಬಿಸಿ ಹೊಸವು ಬಂದು ಕೂಡುತ್ತವೆ; ಕೆಳಗಿನ ಹಳೆಯವು ಉಬ್ಬುತ್ತವೆ, ಆ ಉಬ್ಬಿಗೇ ಎಲುಬು ಉದ್ದವಾಗುತ್ತದೆ. ಆಮೇಲೆ ಅವುಗಳ ಸುತ್ತ ಸುಣ್ಣದಂಶ ಕೂತು ಕಡಕ್ ಆಗುತ್ತದೆ. ಎಲುಬು ಕಟ್ಟುವ ಕೋಶಗಳು ಬಂದು ಆ ಜಾಗದಲ್ಲಿ ನಿಜವಾದ ಎಲುಬನ್ನು ಹಾಕುತ್ತವೆ. ಎಕ್ಸ್‌ರೇಯಲ್ಲಿ ಈ ಫಲಕ ಕಪ್ಪು ಗೆರೆಯಾಗಿ ಕಾಣುತ್ತದೆ, ಏಕೆಂದರೆ ಅಲ್ಲಿನ್ನೂ ಸುಣ್ಣ ತುಂಬಿಲ್ಲ.

ಆದರೆ ಹೊಸದನ್ನು ಒದಗಿಸುವ ಮೂಲಕೋಶಗಳು ಎಣಿಸಿಟ್ಟ ಹಿಟ್ಟಿನಷ್ಟೇ. ಹರೆಯದಲ್ಲಿ ಈಸ್ಟ್ರೋಜನ್ ಏರಿದಾಗ ಬೆಳವಣಿಗೆಗೂ ವೇಗ ಬರುತ್ತದೆ, ಹಿಟ್ಟೂ ಬೇಗ ಖಾಲಿಯಾಗುತ್ತದೆ. ಹೊಸವು ಬರುವುದು ನಿಂತಮೇಲೆ ಎಲುಬು ಎರಡೂ ಕಡೆಯಿಂದ ಬಂದು ಬೆಸೆದುಕೊಂಡು ಗೆರೆ ಮುಚ್ಚುತ್ತದೆ. ಸಾಮಾನ್ಯವಾಗಿ ಹುಡುಗಿಯರಿಗೆ ಇದು ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಆಗುತ್ತದೆ.

"ಈಸ್ಟ್ರೋಜನ್ ಹೆಂಗಸರದ್ದಲ್ಲೇನು?" ಎಂದು ಅಳಿಯ ಮೀಸೆ ತಿರುವಿದ. ಗಂಡಸರ ದೇಹವೂ ತನ್ನ ಟೆಸ್ಟೋಸ್ಟಿರಾನಿನ ಒಂದಂಶವನ್ನು ಅದಾಗಿ ಮಾರ್ಪಡಿಸುತ್ತದೆ. 1994ರಲ್ಲಿ ವರದಿಯಾದ ಅಮೆರಿಕದ ಒಬ್ಬನಿಗೆ ವಯಸ್ಸು 28, ಎತ್ತರ 204 ಸೆಂಟಿಮೀಟರ್. ಮೀಸೆ, ಗಡಸು ದನಿ ಎಲ್ಲ ಬಂದಿದ್ದರೂ ಈಸ್ಟ್ರೋಜನ್ನಿನ ಮಾತು ಕೇಳಿಸಿಕೊಳ್ಳುವ ಗ್ರಾಹಕವೇ ಅವನಲ್ಲಿ ಕೆಟ್ಟಿತ್ತು. ಅದಕ್ಕೇ ಅವನ ಫಲಕಗಳು ಮುಚ್ಚಿರಲಿಲ್ಲ. ಎಲುಬಿನ ವಯಸ್ಸು ಹದಿನೈದರಲ್ಲೇ ನಿಂತಿತ್ತು.

ತೀರಾ ಬೇಗ ಹರೆಯಕ್ಕೆ ಬಂದ ಮಕ್ಕಳದ್ದು ಇದರ ಉಲ್ಟಾ ಕತೆ: ತರಗತಿಯಲ್ಲಿ ಮೊದಲು ಅವರೇ ಎತ್ತರ, ಕೊನೆಗೆ ಅವರೇ ಗಿಡ್ಡ. ಎಂಟು ತುಂಬದ ಹುಡುಗಿಯಲ್ಲಿ, ಒಂಬತ್ತು ತುಂಬದ ಹುಡುಗನಲ್ಲಿ ಹರೆಯದ ಲಕ್ಷಣ ಕಂಡರೆ ಡಾಕ್ಟರರ ಬಳಿ ಓಡಬೇಕಾದ್ದು ಆಗಲೇ. ಗೆರೆ ತೆರೆದಿರುವಾಗ ಹರೆಯವನ್ನು ತಡೆದಿಡುವ ಔಷಧವಿದೆ. ಮುಚ್ಚಿದ ಮೇಲೆ ಎತ್ತರದ ಪುಡಿ ಕೊಳ್ಳುವುದರಿಂದ ಬೆಳೆಯುವುದು ಅಂಗಡಿಯವನ ಗಲ್ಲಾಪೆಟ್ಟಿಗೆ.