ಕಂಪ್ಯೂಟರಿಗೆ ಹೊಸತೊಡಕು ಗೊತ್ತಿಲ್ಲ

2025ರ ಮಾರ್ಚ್ 30 ಭಾನುವಾರ, ಯುಗಾದಿ. 31 ಸೋಮವಾರ, ರಂಜಾನ್. ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕದ ರಜೆ. ಬ್ಯಾಂಕ್ ರಜೆ ಪಟ್ಟಿಯನ್ನು ಕಂಠಪಾಠ ಮಾಡಿದ ಕಂಪ್ಯೂಟರ್‌ಗೆ ಮೂರು ದಿನ ಸುಖನಿದ್ರೆ. ಮಂಡ್ಯ ಜಿಲ್ಲೆಯಲ್ಲಿ ಅಷ್ಟು ಹೊತ್ತು ಮಲಗಲು ಧೈರ್ಯವಿದ್ದದ್ದು ಅದಕ್ಕೊಂದಕ್ಕೇ. ಯಾಕೆಂದರೆ 31 ಹೊಸತೊಡಕು. ಅಂದು ಮನೆಮನೆಯಲ್ಲಿ ಬಾಡೂಟ. ಮಟನ್ ಅಂಗಡಿಯಲ್ಲಿ ನೂಕುನುಗ್ಗಲು, ಪಕ್ಕದ ದಿನಸಿ ಅಂಗಡಿಯಲ್ಲಿ ಚಕ್ಕೆ ಲವಂಗಕ್ಕೆ ಕೂಗಾಟ.

ಒಬ್ಬ ಸಾಹುಕಾರರಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ನಾಲ್ಕು ದಿನಸಿ ಅಂಗಡಿ ಇವೆ, ಲೆಕ್ಕ ಮಾತ್ರ ಬೆಂಗಳೂರಿನಲ್ಲಿ ಎಂದಿಟ್ಟುಕೊಳ್ಳಿ. ದಿನಾ ಬೆಳಗ್ಗೆ ಆರಕ್ಕೆ ಸಿಂಕ್ ಓಡಿ ‘ನಿನ್ನೆಯ’ ಬಿಲ್ಲುಗಳನ್ನು ಎಳೆದು ತರುತ್ತದೆ. ರಜೆ ಇದ್ದರೆ ಓಡುವುದಿಲ್ಲ. ತಿಂಗಳ ಕೊನೆಯ ಕೆಲಸದ ದಿನದ ರಾತ್ರಿ ಲೆಕ್ಕಕ್ಕೆ ಬೀಗ. ಕಾಗದದ ಮೇಲೆ ಇದರಷ್ಟು ಶಿಸ್ತಿನ ಸಂಸಾರ ಇನ್ನೊಂದಿಲ್ಲ.

ಈಗ ಆ ಮಾರ್ಚ್ ಏನಾಯಿತು ನೋಡಿ. 29 ಐದನೇ ಶನಿವಾರ, ಬ್ಯಾಂಕಿಗೂ ಕೆಲಸದ ದಿನ, ತಿಂಗಳ ಕೊನೆಯದು. ಅಂದು ರಾತ್ರಿಯೇ ಬೀಗ ಬಿತ್ತು. ಆದರೆ 29ರ ಬಿಲ್ಲು ಬರಬೇಕಿದ್ದದ್ದು 30ರ ಬೆಳಗ್ಗೆ. ಅಂದರೆ ಬೀಗ ಬೀಳುವಾಗ ಒಳಗಿದ್ದದ್ದು 28ರವರೆಗಿನ ವ್ಯಾಪಾರ ಮಾತ್ರ. ಫೆಬ್ರವರಿಗೆ 28 ದಿನವಾದ ಮೇಲೆ ಮಾರ್ಚ್‌ಗೆ ಯಾಕೆ ಹೆಚ್ಚು ಕೊಡಬೇಕು ಎಂದಿರಬೇಕು! ಮೂರು ರಜೆ ಕಳೆದು ಏಪ್ರಿಲ್ 2ರಂದು ಎದ್ದ ಸಿಂಕ್, ಹೇಳಿದಂತೆ ‘ನಿನ್ನೆಯ’ ಒಂದನೇ ತಾರೀಕಿನ ಬಿಲ್ಲು ತಂದಿತು. 29, 30, 31 ಎಲ್ಲೂ ಇಲ್ಲ. ಯುಗಾದಿಯ ಬೆಲ್ಲ, ಹೊಸತೊಡಕಿನ ಮಸಾಲೆ ಎರಡೂ ಗಾಳಿಗೆ ಹೋದವು.

ಬಿಲ್ ನಂಬರ್ ನಡುವೆ ತಪ್ಪಿದ್ದರೆ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತೀರಿ. ಬೇರೆ ತಿಂಗಳಾಗಿದ್ದರೆ ಗೊತ್ತಾಗುತ್ತಿತ್ತು. ಆದರೆ ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ, ಹೆಚ್ಚಿನ ಅಂಗಡಿಗಳ ಬಿಲ್ ಪುಸ್ತಕ ಮತ್ತೆ ಒಂದರಿಂದ ಶುರು. ಹಳೆಯ ಸಾಲು ಎಲ್ಲಿಗೆ ನಿಂತರೂ ಸಹಜವೇ ಅನ್ನಿಸುತ್ತದೆ. ಗಲ್ಲಾದಲ್ಲಿ ದುಡ್ಡು ಹೆಚ್ಚಿದೆ, ಗೋಡೌನಿನಲ್ಲಿ ಮೂಟೆ ಕಡಿಮೆ ಇದೆ ಎಂದು ಯಾರಾದರೂ ಎಣಿಸಿ ನೋಡಿದಾಗಲೇ ಕಳ್ಳತನ ಬಯಲಾಗುವುದು. ಆಗ ಮೊದಲು ಅನುಮಾನ ಬೀಳುವುದು ಕ್ಯಾಷಿಯರ್ ಹುಡುಗನ ಮೇಲೆ, ಸಾಫ್ಟ್‌ವೇರ್ ಮೇಲಲ್ಲ.

ಮದ್ದು ಸಣ್ಣದು. ರಜೆ ಇರುವುದು ಓಟಕ್ಕೆ, ಬಿಲ್ಲಿಗಲ್ಲ. ‘ನಿನ್ನೆ’ ಎನ್ನುವುದನ್ನು ಬಿಟ್ಟು, ಕಳೆದ ಸಲ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಎತ್ತಿಕೊಳ್ಳಬೇಕು:

```
WHERE bill_time >  last_synced
  AND bill_time <= run_time
```

ಬೀಗ ಹಾಕುವ ಕೆಲಸ ‘ಕೊನೆಯ ಕೆಲಸದ ದಿನ’ಕ್ಕೆ ಅಂಟಿಕೊಳ್ಳಬಾರದು. ನಾಲ್ಕೂ ಅಂಗಡಿಯಿಂದ 31ರ ವ್ಯಾಪಾರ ಬಂದು ತಲುಪಿತೇ ಎಂದು ನೋಡಿಕೊಂಡೇ ಹಾಕಬೇಕು, ಅದು ಏಪ್ರಿಲ್ 2ಕ್ಕಾದರೂ ಸರಿ.

ಇನ್ನು ಆ ರಜೆ ಪಟ್ಟಿಯ ವಿಷಯ. ಆ ಮಾರ್ಚ್ 31ಕ್ಕೆ ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕ್ ಶಾಖೆಗಳು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿತು. ಜನವರಿಯಲ್ಲಿ ತುಂಬಿಸಿಟ್ಟ ಪಟ್ಟಿಗೆ ಅದನ್ನು ಹೇಳಿದವರು ಯಾರು? ರಾಜ್ಯ ಸರ್ಕಾರದ ಪಟ್ಟಿಯೂ ಕೊಡಗಿಗೆ ಬೇರೆಯಾಗಿ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಎಂದು ಬರೆಯುತ್ತದೆ. ರಜೆ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ ಎಂದು ವಿಧಾನಸೌಧಕ್ಕೇ ಅರ್ಥವಾಗಿದೆ. ಅರ್ಥವಾಗದಿರುವುದು ನಮ್ಮ ಸಾಫ್ಟ್‌ವೇರಿಗೆ. ಅದಕ್ಕೆ ‘ಕರ್ನಾಟಕ’ ಎಂಬ ಒಂದೇ ಡಬ್ಬಿ.

ಮೇಲುಕೋಟೆ ವೈರಮುಡಿ ಆ ಡಬ್ಬಿಯಲ್ಲಿಲ್ಲ. ಪಂಚಾಂಗ ನೋಡಿ ಬರುವ ಹಬ್ಬವದು: 2024ರಲ್ಲಿ ಮಾರ್ಚ್ 21, ಮರುವರ್ಷ ಏಪ್ರಿಲ್ 7. ಅಂದು ಮಂಡ್ಯದ ಖಜಾನೆಯಿಂದ ಕಿರೀಟ ಹೊರಟು, ಪೊಲೀಸ್ ಕಾವಲಿನಲ್ಲಿ, ದಾರಿಯುದ್ದಕ್ಕೂ ಪೂಜೆ ಸ್ವೀಕರಿಸುತ್ತ ಬೆಟ್ಟ ಸೇರುತ್ತದೆ. ಪಾಂಡವಪುರದ ಅಂಗಡಿಯ ಬಾಗಿಲು ಬಂದ್. ಮರುದಿನ ಬೆಳಗ್ಗೆ ಸೊನ್ನೆ ಬಿಲ್ಲು, ಬೆಂಗಳೂರಿನಲ್ಲಿ ಕೆಂಪು ದೀಪ.

“ನೆಟ್ ಹೋಗಿದೆಯೇನ್ರೀ?”

“ನೆಟ್ಟು ಅಯ್ತೆ ಸಾ, ನಾವೇ ಇರ್ನಿಲ್ಲ.”

ಸೊನ್ನೆ ಎಂದರೆ ಅಂಗಡಿ ಮುಚ್ಚಿತ್ತೋ, ತಂತಿ ಕಿತ್ತಿತ್ತೋ? ಸೊನ್ನೆ ತಾನೇ ಹೇಳುವುದಿಲ್ಲ. ಹೇಳಬಲ್ಲದ್ದು ಆ ಅಂಗಡಿಯ ಸ್ವಂತ ಕ್ಯಾಲೆಂಡರ್ ಒಂದೇ. ಅದಿಲ್ಲದ ಕಡೆ ಸುಳ್ಳು ಎಚ್ಚರಿಕೆ ಬಂದು ಬಂದು, ಕೊನೆಗೆ ಯಾರೋ ಜಾಣರು ಎಚ್ಚರಿಕೆಯನ್ನೇ ಆಫ್ ಮಾಡುತ್ತಾರೆ. ನಿಜವಾಗಿ ತಂತಿ ಕಿತ್ತ ದಿನ ಎಲ್ಲರೂ ಹಾಯಾಗಿರುತ್ತಾರೆ.

ಆದ್ದರಿಂದ ಹೆಡ್ಡಾಫೀಸಿನ ಮಹನೀಯರೇ, ಮುಂದಿನ ವರ್ಷದ ಪಟ್ಟಿಯನ್ನು ಡಿಸೆಂಬರಿನೊಳಗೆ ನಾಲ್ಕೂ ಊರಿಗೆ ಕಳುಹಿಸಿ, ಅಲ್ಲಿನ ಮ್ಯಾನೇಜರುಗಳ ಕೈಯಲ್ಲೇ ತುಂಬಿಸಿ. ‘ಬ್ಯಾಂಕ್ ತೆರೆದಿದೆಯೇ’, ‘ಅಂಗಡಿ ತೆರೆದಿದೆಯೇ’ ಎಂದು ಎರಡು ಕಾಲಂ ಬೇರೆಬೇರೆ ಇರಲಿ. ನಡುವೆ ತಾರೀಕು ಬದಲಾದರೆ ತಿದ್ದುವ ಅಧಿಕಾರವೂ ಅವರಿಗೇ ಇರಲಿ.