ಎಪಿ ಅಂದ್ರೆ ಆಂಧ್ರ ಅಲ್ಲ

ಕೆಲಸ ಕೊಡುವವರ ನಿಜವಾದ ಸಂದೇಶಕ್ಕೆ ಚೆಂದ ಕಡಿಮೆ. ನೇಮಕಾತಿ ಕಚೇರಿಯಲ್ಲಿ ಕೂತು ವರ್ಷಗಟ್ಟಲೆ ಅಂಥ ಸಂದೇಶ ಕಳಿಸಿದವಳಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಮೋಸದ ಸಂದೇಶ ನಿಮ್ಮ ಪ್ರತಿಭೆಯನ್ನು ಹಾಡಿ ಹೊಗಳುತ್ತದೆ, ಮನೆಯಲ್ಲೇ ಕೂತು ದಿನಕ್ಕೆ 5,000 ರೂಪಾಯಿ ಅನ್ನುತ್ತದೆ, ಕೊನೆಗೊಂದು ರಾಕೆಟ್ ಚಿತ್ರವನ್ನೂ ಹಾರಿಸುತ್ತದೆ. ಅಸಲಿ ಸಂದೇಶ ಬೆಸ್ಕಾಂ ಬಿಲ್ಲಿನಷ್ಟು ನೀರಸ. ಹುದ್ದೆಯ ಹೆಸರು, ಶಿಫ್ಟಿನ ಹೊತ್ತು, ಯಾವುದೋ ಒಂದು ನಂಬರು, ಇಷ್ಟವಿದ್ದರೆ ರೆಸ್ಯೂಮೆ ಕಳಿಸಿ ಎಂಬ ಒಂದು ಸಾಲು. ಅದನ್ನು ಬರೆದಾಕೆ ಅದೇ ಬೆಳಗ್ಗೆ ಇನ್ನೂ ಎಷ್ಟೋ ಜನಕ್ಕೆ ಅದನ್ನೇ ಕಳಿಸಿರುತ್ತಾಳೆ. ಹೊಗಳಲಿಕ್ಕೆ ಪುರುಸೊತ್ತೆಲ್ಲಿ?

ನಮ್ಮಕ್ಕನ ಮಗಳು ಪುಟ್ಟಿಗೆ ಇದು ಗೊತ್ತಿರಲಿಲ್ಲ. ಹಾಸನದಲ್ಲಿ ಬಿ.ಕಾಂ. ಮುಗಿಸಿ, ಕೆಲಸ ಹುಡುಕುವ ನೆಪದಲ್ಲಿ ಬೆಂಗಳೂರಿನ ನಮ್ಮ ಮನೆಗೆ ಬಂದವಳು. ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದು ವರ್ಷವಾಗಿದ್ದರೂ ಯಾರೂ ಕ್ಯಾರೇ ಅಂದಿಲ್ಲ ಎಂಬುದು ಅವಳ ದುಃಖ. "ನೋಡೋಣ ತೋರ್ಸು" ಅಂದೆ. ತೋರಿಸಿದಳು. ಫೋಟೋ ಯಾವುದೋ ಮದುವೆಯದ್ದು. ಪಕ್ಕದವರನ್ನೆಲ್ಲ ಕತ್ತರಿಸಿದ್ದಳು, ಆದರೆ ಭುಜದ ಮೇಲಿದ್ದ ಬಳೆ ತೊಟ್ಟ ಕೈಯೊಂದು ಹಾಗೇ ಉಳಿದುಬಿಟ್ಟಿತ್ತು. ಹೆಸರಿನ ಕೆಳಗೆ 'ಪ್ಯಾಶನೇಟ್ ಲರ್ನರ್, ಡ್ರೀಮರ್, ಫುಡೀ' ಎಂದಿತ್ತು.

"ಈ ಕೈ ಯಾರದ್ದೇ?"

"ನಿಮ್ದೇ ಚಿಕ್ಕಮ್ಮ."

ಮತ್ತೆ ಆ ವಿಷಯ ಎತ್ತಲಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಜನರನ್ನು ಹುಡುಕುವವರು ಅಲ್ಲಿರುವ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂರುವುದಿಲ್ಲ. ಅವರ ಎದುರಿಗೆ ಬೇರೆಯೇ ಪರದೆ ಇರುತ್ತದೆ. ಅಲ್ಲಿ ಮೊದಲು ಊರು ಆರಿಸುತ್ತಾರೆ, ಆಮೇಲೆ ಹೀಗೊಂದು ಸಾಲು ಬರೆಯುತ್ತಾರೆ:

```
"B.Com" AND (Tally OR SAP) AND (invoice OR GST)
```

ಬಿ.ಕಾಂ. ಇರಲೇಬೇಕು, ಟ್ಯಾಲಿ ಅಥವಾ ಎಸ್‌ಎಪಿ ಎರಡರಲ್ಲೊಂದು ಬೇಕು, ಇನ್‌ವಾಯ್ಸು ಅಥವಾ ಜಿಎಸ್‌ಟಿ ಎಂಬ ಪದವೂ ಬೇಕು ಎಂದು ಇದರರ್ಥ. ಈ ಜರಡಿಯಲ್ಲಿ ಉಳಿದವರು ಮಾತ್ರ ಅವರ ಕಣ್ಣಿಗೆ ಬೀಳುತ್ತಾರೆ. 'ಡ್ರೀಮರ್' ಎಂದು ಹಾಕಿ ಅಕೌಂಟ್ಸ್ ಗುಮಾಸ್ತರನ್ನು ಹುಡುಕಿದವರನ್ನು ನನ್ನ ಅಷ್ಟೂ ವರ್ಷದ ನೌಕರಿಯಲ್ಲಿ ಕಾಣೆ. ಕನಸು ಕಾಣುವವರು ಲೆಕ್ಕ ಬರೆದರೆ ಏನಾಗುತ್ತದೆಂಬ ಭಯವೂ ಇರಬಹುದು.

"ನಿಂಗೇನು ಬರುತ್ತೆ ಹೇಳು" ಅಂದೆ.

"ಏನೂ ಬರಲ್ಲ ಚಿಕ್ಕಮ್ಮ. ನಾನು ಫ್ರೆಶರ್ರು."

"ರಜದಲ್ಲಿ ಆಡಿಟರ್ ಆಫೀಸಿಗೆ ಹೋಗ್ತಿದ್ಯಲ್ಲ?"

"ಅದೇನು ಕೆಲ್ಸಾನಾ? ಸುಮ್ನೆ ಬಿಲ್ ಎಂಟ್ರಿ ಮಾಡ್ತಿದ್ದೆ. ಸಂಬಳಾನೂ ಇರ್ಲಿಲ್ಲ."

ಈ 'ಸುಮ್ನೆ'ಯನ್ನು ಸ್ವಲ್ಪ ಕೆದಕಿದೆ. ಅಂಗಡಿಯವರು ಚೀಲದಲ್ಲಿ ತುಂಬಿ ತಂದುಕೊಡುತ್ತಿದ್ದ ಖರೀದಿ ಬಿಲ್ಲುಗಳನ್ನು ಇವಳು ಟ್ಯಾಲಿಗೆ ಏರಿಸುತ್ತಿದ್ದಳಂತೆ. ಪ್ರತಿ ತಿಂಗಳು 14ರ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಎಂಬ ಪಟ್ಟಿ ತಯಾರಾಗುತ್ತದೆ. ಮಾಲು ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿ ಬರುತ್ತವೆ. ಚೀಲದಲ್ಲಿ ಬಿಲ್ಲಿದ್ದು ಪಟ್ಟಿಯಲ್ಲಿ ಇಲ್ಲವೆಂದರೆ, ಕೊಂಡವನಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಇವಳು ಎರಡನ್ನೂ ಎಕ್ಸೆಲ್‌ಗೆ ಇಳಿಸಿ, ತಾಳೆ ನೋಡಿ, ಯಾರದ್ದು ಕಾಣುವುದಿಲ್ಲವೋ ಅವರಿಗೆ ಫೋನು ಮಾಡಿ ಕಾಡುತ್ತಿದ್ದಳು. "ಒಬ್ರಂತೂ ನನ್ ನಂಬರ್ ಬ್ಲಾಕೇ ಮಾಡಿದ್ರು" ಎಂದು ನಕ್ಕಳು.

ಇಷ್ಟೆಲ್ಲ ಮಾಡಿದವಳು ಪ್ರೊಫೈಲಿನಲ್ಲಿ ಬರೆದಿದ್ದು ಫುಡೀ!

ಕೂಡಿಸಿಕೊಂಡು ತಿದ್ದಿಸಿದೆ. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳವರೆಗೆ ಜಾಗವಿದೆ. ಅಲ್ಲಿ ಬಿ.ಕಾಂ., ಟ್ಯಾಲಿ ಪ್ರೈಮ್, ಇನ್‌ವಾಯ್ಸ್ ಎಂಟ್ರಿ, ಜಿಎಸ್‌ಟಿ ತಾಳೆ, ಎಕ್ಸೆಲ್ ಎಂದಷ್ಟೇ ಹಾಕಿಸಿದೆ. ಆಡಿಟರ್ ಕಚೇರಿಯ ಕೆಲಸ ಅನುಭವದ ಭಾಗಕ್ಕೆ ಹೋಯಿತು, ಇಂಟರ್ನ್ ಎಂಬ ಹೆಸರಿನಲ್ಲೇ. ಊರು ಹಾಸನ ಇದ್ದದ್ದು ಬೆಂಗಳೂರಾಯಿತು. ಹೇಗೂ ಇಲ್ಲೇ ಇದ್ದಾಳೆ, ನಮ್ಮ ಮನೆಯ ದೋಸೆ ಹಿಟ್ಟಿನ ಖರ್ಚೇ ಅದಕ್ಕೆ ಸಾಕ್ಷಿ. 'ಓಪನ್ ಟು ವರ್ಕ್' ಎಂಬುದನ್ನು ಒತ್ತಿದರೆ ಎರಡು ದಾರಿ ತೋರಿಸುತ್ತದೆ: ಮುಖದ ಸುತ್ತ ಹಸಿರು ಬಳೆ ಹಾಕಿಸಿಕೊಂಡು ಊರಿಗೆಲ್ಲ ಸಾರುವುದು, ಇಲ್ಲವೇ ನೇಮಕಾತಿಯವರಿಗೆ ಮಾತ್ರ ಕಾಣಿಸುವುದು. ಪುಟ್ಟಿ ಎರಡನೆಯದನ್ನು ಆರಿಸಿದಳು. ಹಸಿರು ಬಳೆ ಕಂಡರೆ ಹಾಸನದಿಂದ ಅವರಮ್ಮನಿಗೆ "ಮಗಳಿಗೆ ಇನ್ನೂ ಕೆಲಸ ಸಿಕ್ಕಿಲ್ವಂತೆ" ಎಂದು ಫೋನುಗಳು ಬರುವ ಸಾಧ್ಯತೆಯಿತ್ತು. ಫೋಟೋ ಬಾಲ್ಕನಿಯಲ್ಲಿ ಹೊಸದಾಗಿ ತೆಗೆದೆವು. ಈ ಸಲ ನನ್ನ ಕೈ ಕ್ಯಾಮೆರಾದ ಹಿಂದಿತ್ತು.

ಆಮೇಲೆ ಏನೂ ಆಗಲಿಲ್ಲ. ಮೊದಮೊದಲು ಗಂಟೆಗೊಮ್ಮೆ ನೋಡುತ್ತಿದ್ದವಳು ದಿನಕ್ಕೊಮ್ಮೆಗೆ ಇಳಿದಳು, ಆಮೇಲೆ ಅದೂ ಇಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಸಾರು ಬಡಿಸಿಕೊಳ್ಳುತ್ತ ಹೇಳಿದಳು, "ಚಿಕ್ಕಮ್ಮ, ಇವತ್ತೊಂದು ಫ್ರಾಡ್ ಮೆಸೇಜ್ ಬಂದಿತ್ತು. ಆಂಧ್ರದ್ದು."

"ಆಂಧ್ರದ್ದಾ?"

"ಹೂಂ. ಎಪಿ ಅಸೋಸಿಯೇಟ್ ಕೆಲ್ಸ ಅಂತೆ. ನಾನ್ಯಾಕೆ ಆಂಧ್ರಕ್ಕೆ ಹೋಗ್ಲಿ? ಡಿಲೀಟ್ ಮಾಡೋಣ ಅಂತಿದ್ದೆ, ಅಷ್ಟರಲ್ಲಿ ನೀವು ಊಟಕ್ಕೆ ಕರೆದ್ರಿ."

ನಮ್ಮ ಮನೆಯ ಸಾರು ಒಂದು ನೌಕರಿ ಉಳಿಸಿತೆಂದು ನಮ್ಮವರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಸಾರು ಮಾಡಿದ್ದು ಅವರು.

ಎಪಿ ಎಂದರೆ ಅಕೌಂಟ್ಸ್ ಪೇಯಬಲ್. ಕಂಪನಿ ಯಾರ್‍ಯಾರಿಗೆ ದುಡ್ಡು ಕೊಡಬೇಕೋ ಅವರ ಬಿಲ್ಲುಗಳನ್ನು ಪರೀಕ್ಷಿಸಿ, ಏರಿಸಿ, ಪಾವತಿಗೆ ಬಿಡುವ ವಿಭಾಗ. ಹೊರದೇಶದ ದೊಡ್ಡ ಕಂಪನಿಗಳು ಈ ಕೆಲಸವನ್ನು ಬೆಂಗಳೂರಿನ ತಮ್ಮ ಕಚೇರಿಗಳಲ್ಲಿ ಮಾಡಿಸುತ್ತವೆ. ಹಾಸನದಲ್ಲಿ ಸುಮ್ನೆ ಮಾಡುತ್ತಿದ್ದ ಬಿಲ್ ಎಂಟ್ರಿಯೇ ಇಲ್ಲಿ ಎಪಿ ಎಂಬ ಗತ್ತಿನ ಹೆಸರಿಟ್ಟುಕೊಂಡು ಕೂತಿತ್ತು.

ಎಡಗೈಯಲ್ಲಿ ಮೊಬೈಲು ಹಿಡಿದು ತೋರಿಸು ಅಂದೆ. ಸಂದೇಶ ಇದ್ದದ್ದು 'ಅದರ್' ಎಂಬ ಭಾಗದಲ್ಲಿ. ಪರಿಚಯದವರದ್ದು 'ಫೋಕಸ್ಡ್'ನಲ್ಲಿ ಬೀಳುತ್ತದೆ. ಲಿಂಕ್ಡ್‌ಇನ್ ಯಂತ್ರಕ್ಕೆ ಅಷ್ಟೇನೂ ಮುಖ್ಯವಲ್ಲ ಅನ್ನಿಸಿದ್ದು 'ಅದರ್'ಗೆ ಸರಿಯುತ್ತದೆ. ಅಲ್ಲಿ ವಿಮೆ ಮಾರುವವರ, ಕೋರ್ಸು ಮಾರುವವರ ನಡುವೆ ಇದೂ ಕೂತಿತ್ತು. ಬಂದು ಆಗಲೇ ಕೆಲವು ದಿನವಾಗಿತ್ತು, ಇವಳು ನೋಡಿದ್ದು ಮಾತ್ರ ಇವತ್ತು. ಆರಂಭವೇ 'ಹಾಯ್ ಫಸ್ಟ್ ನೇಮ್' ಎಂದು. ಪುಟ್ಟಿಯ ಹೆಸರಿರಬೇಕಾದ ಕಡೆ ನಮೂನೆಯ ಪದವೇ ಉಳಿದುಹೋಗಿತ್ತು. ಶಿಫ್ಟು ಮಧ್ಯಾಹ್ನ 2ರಿಂದ ರಾತ್ರಿ 11. ಸಂಬಳದ ಸುದ್ದಿಯೇ ಇಲ್ಲ.

"ನೋಡಿ, ನನ್ ಹೆಸರೂ ಗೊತ್ತಿಲ್ಲ ಅವ್ರಿಗೆ" ಅಂದಳು.

ನನಗೆ ನಂಬಿಕೆ ಬಂದದ್ದೇ ಅಲ್ಲಿ. ಮೋಸಗಾರರು ಹೆಸರನ್ನು ತಪ್ಪಿಲ್ಲದೆ ಬರೆಯುತ್ತಾರೆ, ಅದು ಅವರ ಬಂಡವಾಳ. ಆದರೆ ಪುಟ್ಟಿಯ ಅನುಮಾನಕ್ಕೂ ಕಾರಣವಿತ್ತು. ಅವರ ಬೀದಿಯ ಹುಡುಗನಿಗೆ ವಿಡಿಯೋ ಲೈಕ್ ಮಾಡುವ ಕೆಲಸವೆಂದು ಟೆಲಿಗ್ರಾಂಗೆ ಕರೆದು, ಮೊದಲು 150 ರೂಪಾಯಿ ನಿಜಕ್ಕೂ ಹಾಕಿ, ಆಮೇಲೆ ಡೆಪಾಸಿಟ್ ಎಂದು 5,000 ಕಿತ್ತಿದ್ದರು. 1930ಕ್ಕೆ ಫೋನು ಮಾಡಿ ದೂರು ಕೊಡುವಷ್ಟರಲ್ಲಿ ಟೆಲಿಗ್ರಾಂ ಗುಂಪೇ ಮಾಯವಾಗಿತ್ತು.

ಹಾಗಾಗಿ ಊಟದ ನಂತರ ತಟ್ಟೆ ತೊಳೆಯುವುದನ್ನು ನಮ್ಮವರಿಗೆ ಬಿಟ್ಟು ಇಬ್ಬರೂ ಪತ್ತೇದಾರಿಕೆಗೆ ಕೂತೆವು. ಕಳಿಸಿದಾಕೆಯ ಪ್ರೊಫೈಲಿನಲ್ಲಿ ಖಾತೆ ಯಾವಾಗ ತೆರೆದದ್ದೆಂದು ಒಂದು ಕಡೆ ಬರೆದಿರುತ್ತದೆ. ಇವರದ್ದು ಹಳೆಯದು; ಹಿಂದೆ ಮಾಡಿದ ಕೆಲಸಗಳೂ ಇದ್ದವು. ಸಂದೇಶದ ಕೊನೆಯಲ್ಲಿದ್ದ ಆ ಅರ್ಥವಾಗದ ನಂಬರು ಹುದ್ದೆಯ ಗುರುತು. ಸಂದೇಶದಲ್ಲಿದ್ದ ಲಿಂಕನ್ನು ಮುಟ್ಟದೆ, ಕಂಪನಿಯ ವಿಳಾಸವನ್ನು ನಾವೇ ಟೈಪ್ ಮಾಡಿ, ಅವರ ನೌಕರಿ ಪುಟದಲ್ಲಿ ಆ ನಂಬರು ಹುಡುಕಿದೆವು. ಅದೇ ಹುದ್ದೆ, ಬೆಂಗಳೂರೇ.

"ಹಾಗಾದ್ರೆ ನಿಜ!" ಎಂದು ಕುಣಿದಳು.

"ತಡಿಯೇ. ಆ ನಂಬರನ್ನ ಕಳ್ಳನೂ ಅಲ್ಲಿಂದ ಎತ್ಕೋಬಹುದಲ್ಲ? ಪ್ರೊಫೈಲನ್ನೂ ನಕಲು ಮಾಡಬಹುದು."

ಮುಖ ಬಾಡಿತು. ನನ್ನ ಪತ್ತೇದಾರಿಕೆ ಸ್ವಲ್ಪ ಅತಿಯಾಯಿತೇನೋ, ಆದರೆ ಅದರಲ್ಲಿ ಹುರುಳಿದೆ. ಕೊನೆಯ ಪರೀಕ್ಷೆ ಇಮೇಲಿನದ್ದು. ಆಸಕ್ತಿಯಿದೆ, ವಿವರಗಳನ್ನು ಕಂಪನಿಯ ಇಮೇಲಿನಿಂದ ಕಳಿಸುವಿರಾ ಎಂದು ಉತ್ತರ ಬರೆಸಿದೆ. ಮಾರನೆಯ ದಿನ ಇಮೇಲು ಬಂತು. ವಿಳಾಸದಲ್ಲಿ @ ಆದ ಮೇಲಿನ ಭಾಗವನ್ನು ಅಕ್ಷರ ಅಕ್ಷರವಾಗಿ ಓದಿಸಿದೆ, ಏಕೆಂದರೆ ಕಂಪನಿಯ ಹೆಸರಿಗೆ ಒಂದು ಗೆರೆ, ಒಂದು 'ಕರಿಯರ್ಸ್' ಬಾಲ ಸೇರಿಸಿ ಯಾಮಾರಿಸುವುದು ಹಳೆಯ ವಿದ್ಯೆ. ಇಲ್ಲಿ ಬಾಲವಿರಲಿಲ್ಲ. ಸರಿಯಾದ ವಿಳಾಸವಾದರೆ ನಾವು ಕಳಿಸುವ ಉತ್ತರವೂ ಕಂಪನಿಗೇ ಹೋಗುತ್ತದೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್ ಇತ್ಯಾದಿ ಯಾವ ಮಾತೂ ಇರಲಿಲ್ಲ. ಸಂಬಳದ ಮಾತೂ ಇರಲಿಲ್ಲ, ಅದನ್ನು ಕೊನೆಯ ಸುತ್ತಿನ ತನಕ ಯಾರೂ ಬಾಯಿಬಿಡುವುದಿಲ್ಲ.

ಸಂದರ್ಶನ ವಿಡಿಯೋದಲ್ಲೇ ನಡೆಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ಕಿವಿಯಾಗಿ ನಿಂತಿದ್ದೆ. "ಆರ್ಡರ್ ಕೊಟ್ಟದ್ದು 100 ಪೀಸು, ಗೋದಾಮಿಗೆ ಬಂದದ್ದು 90, ಬಿಲ್ಲು 100ಕ್ಕೆ ಬಂದಿದೆ. ಏನು ಮಾಡ್ತೀರಿ?" ಎಂದು ಕೇಳಿದರು. ಆರ್ಡರು, ಮಾಲು ಬಂದ ರಸೀದಿ, ಬಿಲ್ಲು ಮೂರನ್ನೂ ತಾಳೆ ನೋಡುವುದು ಎಪಿ ಕೆಲಸದ ಮೂಲಪಾಠ. ಪುಟ್ಟಿಗೆ ಆ ಪಾಠದ ಹೆಸರು ಗೊತ್ತಿರಲಿಲ್ಲ. "ಪೇಮೆಂಟ್ ತಡೀತೀನಿ. ಅಂಗಡಿಯವರಿಗೆ ಫೋನ್ ಮಾಡ್ತೀನಿ. ಉಳಿದ ಹತ್ತು ಕಳಿಸ್ತೀರಾ, ಇಲ್ಲ ಕ್ರೆಡಿಟ್ ನೋಟ್ ಕೊಡ್ತೀರಾ ಕೇಳ್ತೀನಿ" ಅಂದಳು.

"ಅವರು ಫೋನ್ ಎತ್ತದೇ ಹೋದ್ರೆ?"

"ಎತ್ತೋ ತನಕ ಮಾಡ್ತೀನಿ ಸರ್. ಅಭ್ಯಾಸ ಇದೆ."

ಆ ಕಡೆಯಿಂದ ನಗು ಕೇಳಿಸಿತು. ಉಳಿದ ಸುತ್ತುಗಳ ಕತೆ ದೊಡ್ಡದೇನಲ್ಲ, ಕೆಲಸ ಸಿಕ್ಕಿತು. ಈಗ ರಾತ್ರಿ ಕಂಪನಿಯ ಕ್ಯಾಬಿನಲ್ಲಿ ಬಂದು, ಸಾರು ಬಿಸಿ ಮಾಡಿಕೊಂಡು, ಯಾವುದೋ ದೇಶದ ಯಾರೋ ಬಿಲ್ಲು ತಪ್ಪಾಗಿ ಕಳಿಸಿದ್ದಾರೆಂದು ನಮ್ಮನ್ನು ಎಬ್ಬಿಸಿ ಹೇಳುತ್ತಾಳೆ.

ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿದ್ದರೆ ಇವತ್ತೇ ಆ 'ಅದರ್' ಭಾಗವನ್ನೊಮ್ಮೆ ತೆರೆಸಿ. ಬಂದ ಕೆಲಸ ಬೇಡವೆನಿಸಿದರೆ ಬೇಡ ಎಂದೇ ಒಂದು ಸಾಲು ಬರೆಯಲಿ. ಇಂಥ ಇನ್‌ಮೇಲ್ ಸಂದೇಶಕ್ಕೆ ನೇಮಕಾತಿಯವರು ಒಂದು ಕ್ರೆಡಿಟ್ ತೆತ್ತಿರುತ್ತಾರೆ. 90 ದಿನದೊಳಗೆ ಹೂಂ ಅಂದರೂ ಊಹೂಂ ಅಂದರೂ ಅದು ಅವರಿಗೆ ವಾಪಸ್ಸು ಬರುತ್ತದೆ.