ಸವಿನಯ ಪ್ರಾರ್ಥನೆಯ ಎರಡು ಪುಟ

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಮಳವಳ್ಳಿ ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಶಿವನಸಮುದ್ರದ ಪವರ್ ಹೌಸಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದಾಗ ಅರ್ಧ ದಿನದ ರಜೆಗೂ ಮೂರು ಪ್ಯಾರಾ ಬರೆಯುತ್ತಿದ್ದವನು ನಾನು. ಸಾಹೇಬರು ಓದದೆಯೇ ಸಹಿ ಹಾಕುತ್ತಿದ್ದರು. ಅದನ್ನು ನಾನು ನನ್ನ ಶೈಲಿಗೆ ಸಂದ ಗೌರವ ಎಂದುಕೊಂಡಿದ್ದೆ. ರಿಟೈರಾದ ಮೇಲೆ ನನ್ನ ಶೈಲಿಗೆ ಕೆಲಸವಿಲ್ಲದೆ ಅದು ಒಳಗೇ ಊದಿಕೊಂಡಿತ್ತು. ಅಷ್ಟರಲ್ಲಿ ಕೆನಡಾದಿಂದ ಮಗಳ ಫೋನ್ ಬಂತು.

ಅಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆಂದೇ ಸೂಪರ್ ವೀಸಾ ಅಂತ ಒಂದಿದೆಯಂತೆ. ಅದಕ್ಕೆ ಇವಳು ನಮ್ಮ ಮಗಳೇ ಎಂದು ತೋರಿಸುವ ದಾಖಲೆ ಬೇಕು, ತಂದೆ ತಾಯಿಯ ಹೆಸರಿರುವ ಅವಳ ಜನನ ಪ್ರಮಾಣಪತ್ರ ಕಳಿಸಿ ಅಂದಳು. ಬೀರು ತಡಕಿದೆವು. ಎಂದೋ ಸ್ಕೂಲಿಗೆ ಸೇರಿಸುವಾಗ ಕೊಟ್ಟ ಅಸಲು ಅಲ್ಲೇ ಉಳಿದಿತ್ತು, ಜೆರಾಕ್ಸೂ ಇರಲಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಅರ್ಜಿ ಬರೆಯಬೇಕು!

ರಾತ್ರಿ ಊಟವಾದ ಮೇಲೆ ಕೂತು ಎರಡು ಪುಟ ತುಂಬಿಸಿದೆ. 'ಸನ್ಮಾನ್ಯರ ಪಾದಾರವಿಂದಗಳಲ್ಲಿ' ಎಂದು ಶುರು. ಮೊದಲ ಪ್ಯಾರಾದಲ್ಲಿ ಊರಿನ ಹಿರಿಮೆ: 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರದ ನಿವಾಸಿಯಾದ ನಾನು, ಇತ್ಯಾದಿ. ಎರಡನೆಯದರಲ್ಲಿ ನನ್ನ ಸೇವಾವಧಿ. ಮೂರನೆಯದರಲ್ಲಿ ಮೊಮ್ಮಗನ ತೊದಲು ಮಾತು, ಕೆನಡಾದ ಚಳಿ, ನನ್ನ ಮಂಡಿ ನೋವು. ಎರಡನೇ ಪುಟದ ಕೊನೆಯ ಸಾಲಿನಲ್ಲಿ ಜನನ ಪ್ರಮಾಣಪತ್ರ ಎಂಬ ಮಾತೂ ಬಂದಿತ್ತು.

ನನ್ನವಳು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. "ಇದ್ಯಾಕ್ರೀ ಕರೆಂಟಿನ ಕತೆ? ನಾವು ಕೇಳ್ತಿರೋದು ಮಗಳು ಹುಟ್ಟಿದ ಕಾಗದ, ಬೀದಿ ದೀಪ ಅಲ್ಲ."

"ಯಾರು ಬರ್ದಿದ್ದು ಅಂತ ಅವ್ರಿಗೂ ಗೊತ್ತಾಗ್ಬೇಕಲ್ಲೇ."

"ಅವ್ರಿಗೆ ನೀವ್ಯಾರು ಅನ್ನೋದು ಬೇಕಿಲ್ಲ. ಮಗು ಯಾವಾಗ ಹುಟ್ತು, ಎಲ್ಲಿ ಹುಟ್ತು, ಅಪ್ಪ ಅಮ್ಮ ಯಾರು, ಅಷ್ಟೇ ಬೇಕು. ಅದ್ರಲ್ಲಿ ಒಂದೂ ಇದ್ರಲ್ಲಿಲ್ಲ. ಅದಿರ್ಲಿ, ಇದನ್ನ ಯಾರಿಗೆ ಕೊಡ್ತೀರಿ?"

ನಾವಿರುವುದು ಶಿವನಸಮುದ್ರದ ಬ್ಲಫ್‌ನಲ್ಲಿ, ಹಾಗಾಗಿ ನಮ್ಮ ಹಳ್ಳಿಯ ಲೆಕ್ಕಿಗರಿಗೆ ಎಂದೆ. ಅವಳು ನಕ್ಕಳು. ಜನನ ಬರೆಸುವುದು ಮನೆ ಇರುವ ಊರಿನಲ್ಲಲ್ಲ, ಹೆರಿಗೆ ಆದ ಊರಿನಲ್ಲಿ. ನನಗೂ ಇದು ಗೊತ್ತಿರಬೇಕಿತ್ತು, ಏಕೆಂದರೆ ಇದಕ್ಕೆ ನಮ್ಮೂರಿಗಿಂತ ಒಳ್ಳೇ ಉದಾಹರಣೆ ಇಲ್ಲ. ಕಾವೇರಿ ಒಂದೇ, ಆದರೆ ಗಗನಚುಕ್ಕಿಯ ದಡ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು, ಭರಚುಕ್ಕಿಯ ದಡ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಒಂದೇ ಓಣಿಯಲ್ಲಿ ಆಡಿ ಬೆಳೆದ ಇಬ್ಬರು ಮಕ್ಕಳ ಹೆರಿಗೆ ಆಚೆ ದಡದಲ್ಲೊಂದು ಈಚೆ ದಡದಲ್ಲೊಂದು ಆಗಿದ್ದರೆ ಅವರ ಹೆಸರು ಎರಡು ಜಿಲ್ಲೆಯ ಪುಸ್ತಕದಲ್ಲಿರುತ್ತದೆ. ನನ್ನವಳ ತವರು ಮಳವಳ್ಳಿ. ಚೊಚ್ಚಲ ಹೆರಿಗೆ ತವರಲ್ಲಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಆದದ್ದು. ಆಸ್ಪತ್ರೆ ಇರುವುದು ಪಟ್ಟಣದ ಗಡಿಯೊಳಗೆ, ಹಾಗಾಗಿ ನೋಂದಣಿ ಮಳವಳ್ಳಿ ಪುರಸಭೆಯಲ್ಲಿ. ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದರೆ ಮಂಡ್ಯದ ನಗರಸಭೆಯನ್ನು ಕೇಳಬೇಕಿತ್ತು.

ಅವಳು ಟ್ರಂಕು ತೆಗೆದು ಧಾರೆ ಸೀರೆಯ ಮಡಿಕೆಯೊಳಗಿಂದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಎಳೆದಳು. ಮಡಿಸಿದ ಗೆರೆಯಲ್ಲಿ ಹರಿದಿತ್ತು, ನುಸಿಗುಳಿಗೆಯ ವಾಸನೆ. ನೀಲಿ ಶಾಯಿಯಲ್ಲಿ: ಹೆಣ್ಣು ಮಗು, 29-12-1995, ಬೆಳಗಿನ ಜಾವ, ತೂಕ ಇಷ್ಟು, ತಾಯಿಯ ಹೆಸರು. ತಂದೆಯ ಹೆಸರಿನ ಜಾಗದಲ್ಲಿ ನನ್ನ ಹೆಸರಿನ ಮೊದಲಕ್ಷರ ಮಾತ್ರ ಇತ್ತು. ಉಳಿದದ್ದು ಅಕ್ಷರವೋ ಇಲ್ಲ ಪೆನ್ನು ಜಾರಿದ್ದೋ ಹೇಳುವುದು ಕಷ್ಟ.

"ನೋಡಿದ್ರಾ, ಡಿಸೆಂಬರ್ ಇಪ್ಪತ್ತೊಂಬತ್ತು," ಎಂದಳು, ಏನೋ ಪತ್ತೆ ಹಚ್ಚಿದವಳ ಹಾಗೆ. ನನಗೆ ಅರ್ಥವಾಗಲಿಲ್ಲ. ಹುಟ್ಟಿದ ದಿನ ನನಗೂ ಗೊತ್ತಿತ್ತಲ್ಲ!

ಅರ್ಜಿಯ ಜೀವ ಇದ್ದದ್ದು ಅಲ್ಲೇ. ಹಳೆಯ ಜನನ ರಿಜಿಸ್ಟರಿನಲ್ಲಿ ನಮೂದುಗಳು ಸಾಗುವುದು ಮಗು ಹುಟ್ಟಿದ ದಿನದ ಕ್ರಮದಲ್ಲಲ್ಲ, ಕಚೇರಿಯಲ್ಲಿ ಬರೆಸಿದ ದಿನದ ಕ್ರಮದಲ್ಲಿ. ಹೊಸ ವರ್ಷ ಬಂದರೆ ಹೊಸ ಪುಸ್ತಕ, ನೋಂದಣಿ ಸಂಖ್ಯೆಯೂ ಮತ್ತೆ ಒಂದರಿಂದ ಶುರು. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗುವಿನ ವಿಷಯ ಕಚೇರಿ ತಲುಪುವಷ್ಟರಲ್ಲಿ ಜನವರಿ ಆಗಿರುತ್ತದೆ. ಆಗ ಅದು 1996ರ ಪುಸ್ತಕದಲ್ಲಿರುತ್ತದೆ. 1995ರ ಪುಸ್ತಕವನ್ನು ಎಷ್ಟು ತಿರುವಿದರೂ ಸಿಗದು. ಹುಡುಕುವ ಶುಲ್ಕವನ್ನೂ ವರ್ಷದ ಲೆಕ್ಕದಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಕೇಳಿದ ವರ್ಷದಲ್ಲಿ ಇಲ್ಲದಿದ್ದರೆ ಬರುವುದು ಅಲಭ್ಯ ಎಂಬ ಕಾಗದ. ಅದನ್ನು ನಂಬಿ ನೋಂದಣಿಯೇ ಆಗಿಲ್ಲ ಎಂದುಕೊಂಡರೆ ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶದವರೆಗೂ ಅಲೆಯಬೇಕಾಗುತ್ತದೆ, ನಮೂದು ಪಕ್ಕದ ಪುಸ್ತಕದಲ್ಲೇ ಇದ್ದರೂ.

"ಹೆಸರು ಹಾಕಿದ್ರೆ ಸಿಗಲ್ವಾ?" ಎಂದೆ. ನಾಮಕರಣಕ್ಕೆ ಮೊದಲೇ ಆಸ್ಪತ್ರೆಯವರು ವರದಿ ಕಳಿಸಿರುತ್ತಾರೆ, ಮಗುವಿನ ಹೆಸರಿನ ಕಾಲಂ ಖಾಲಿ ಇರುತ್ತದೆ. ಆದ್ದರಿಂದ ಹಳೇ ಪುಸ್ತಕದಲ್ಲಿ ಹುಡುಕುವವರು ನೋಡುವುದು ದಿನಾಂಕ, ತಾಯಿಯ ಹೆಸರು, ತಂದೆಯ ಹೆಸರು, ಗಂಡೋ ಹೆಣ್ಣೋ ಎಂಬುದನ್ನು. ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾದ ಹನ್ನೆರಡು ತಿಂಗಳೊಳಗಾದರೆ ಶುಲ್ಕವಿಲ್ಲ, ಆಮೇಲಾದರೆ ಶುಲ್ಕವುಂಟು, ಅದಕ್ಕೂ ವರ್ಷಗಳ ಗಡಿಯುಂಟು. ಹೆಸರಿಲ್ಲದ ಪ್ರಮಾಣಪತ್ರ ವೀಸಾಕ್ಕೆ ಏನು ಪ್ರಯೋಜನ? ನನ್ನ ಎದೆ ಧಸಕ್ಕೆಂದಿತು.

"ಗಾಬರಿ ಬೀಳ್ಬೇಡಿ. ಮಗುಗೆ ಐದು ತಿಂಗಳಿದ್ದಾಗ ನಾನೇ ಅಪ್ಪಯ್ಯನ ಜೊತೆ ಹೋಗಿ ಹೆಸರು ಬರೆಸ್ದೆ. ನಿಮ್ಮನ್ನ ಕರೆದೆ. ಷಿಫ್ಟು ಅಂದ್ರಿ."

ನಾನು ಗುಮಾಸ್ತ, ನನಗೆ ಷಿಫ್ಟು ಎಲ್ಲಿಂದ ಬಂತು ಎಂದು ಅವಳು ಅಂದೂ ಕೇಳಲಿಲ್ಲ, ಇಂದೂ ಕೇಳಲಿಲ್ಲ.

ನನ್ನ ಎರಡು ಪುಟವನ್ನು ಮಗುಚಿ, ಹಿಂಬದಿಯಲ್ಲಿ ಅವಳೇ ಕರಡು ಬರೆದಳು:

"ಇವರಿಗೆ, ಜನನ ಮತ್ತು ಮರಣ ನೋಂದಣಾಧಿಕಾರಿಗಳು, ಪುರಸಭೆ, ಮಳವಳ್ಳಿ.

ವಿಷಯ: ಜನನ ಪ್ರಮಾಣಪತ್ರದ ಪ್ರತಿ ಕೋರಿ.

ಮಾನ್ಯರೇ, ನಮ್ಮ ಮಗಳು 29-12-1995ರಂದು ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಜನಿಸಿರುತ್ತಾಳೆ. ಮಗಳ ಹೆಸರು ಹಾಗೂ ತಂದೆ ತಾಯಿಯ ಹೆಸರುಗಳನ್ನು ಕೆಳಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ನಮೂದಿಸಿದೆ. ನೋಂದಣಿ ಸಂಖ್ಯೆ ನಮ್ಮಲ್ಲಿ ಇಲ್ಲ. ಜನನವು ಡಿಸೆಂಬರ್ ಕೊನೆಯಲ್ಲಿ ಆಗಿರುವುದರಿಂದ 1995 ಮತ್ತು 1996ನೇ ಸಾಲಿನ ಎರಡೂ ರಿಜಿಸ್ಟರುಗಳಲ್ಲಿ ಹುಡುಕಿಸಿ ಎರಡು ಪ್ರತಿ ಕೊಡಿಸಬೇಕಾಗಿ ಕೋರುತ್ತೇವೆ. ಕೆನಡಾ ವೀಸಾ ಅರ್ಜಿಯಲ್ಲಿ ತಂದೆ ತಾಯಿ ಮತ್ತು ಮಗಳ ಸಂಬಂಧಕ್ಕೆ ದಾಖಲೆಯಾಗಿ ಇದು ಬೇಕಾಗಿದೆ. ನಿಗದಿತ ಶುಲ್ಕ ಪಾವತಿಸುತ್ತೇವೆ. ಲಗತ್ತು: ಆಸ್ಪತ್ರೆಯ ಚೀಟಿ, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಮ್ಮಿಬ್ಬರ ಆಧಾರ್ ಪ್ರತಿಗಳು."

ಕೊನೆಗೆ ನಮ್ಮಿಬ್ಬರ ಸಹಿ, ಫೋನ್ ನಂಬರು. ಮಂಡಿ ನೋವಿಗೆ ಜಾಗವೇ ಸಿಗಲಿಲ್ಲ. ಕೆನಡಾದ ಸಾಲೊಂದು ಉಳಿದುಕೊಂಡದ್ದೇಕೆಂದು ಕೇಳಿದೆ. ಉದ್ದೇಶ ಬರೆದರೆ ಒಳಗಿರುವವರಿಗೆ ಯಾವುದನ್ನು ಗಮನಿಸಬೇಕೆಂದು ತಿಳಿಯುತ್ತದೆ, ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನು ಒಂದು ಸಲ ಹೆಚ್ಚು ನೋಡುತ್ತಾರೆ ಎಂದಳು. ಆದರೆ ರಿಜಿಸ್ಟರಿನಲ್ಲಿ ಇರುವುದನ್ನೇ ಅವರು ಕೊಡಬೇಕು. ಅಲ್ಲೇ ತಪ್ಪಿದ್ದರೆ ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ದಾಖಲೆ.

ನಾನು ಸುಮ್ಮನೆ ಕೂರುವವನಲ್ಲ. ಅರ್ಜಿ ಮನೆಯಿಂದ ಹೊರಡುವ ಮೊದಲೇ ಜ್ಞಾಪನ ಪತ್ರ ತಯಾರು ಮಾಡಿದೆ. 'ಚಾತಕ ಪಕ್ಷಿಯಂತೆ ಕಾದು ಬಳಲಿರುವ' ಎಂದು ಆರಂಭಿಸಿ, ಸಕಾಲ ಕಾಯ್ದೆ 2011 ಎಂದು ಗುಡುಗಿ, ಕೆಳಗೆ ಪ್ರತಿಗಳು: ಜಿಲ್ಲಾಧಿಕಾರಿಗಳಿಗೆ, ಮುಖ್ಯಮಂತ್ರಿಗಳಿಗೆ. ಸಕಾಲದಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಇಪ್ಪತ್ತೈದು ದಿನ ತಡವಾದರೆ ಪೂರ್ತಿ ಐನೂರು ಎಂದು ಲೆಕ್ಕ ಹಾಕಿ ಅವಳಿಗೆ ತೋರಿಸಿದೆ.

"ನಿಮಗೆ ಸರ್ಟಿಫಿಕೇಟು ಬೇಕೋ ಐನೂರು ಬೇಕೋ? ಮೊದಲ ಕಾಗದದಲ್ಲೇ ಡೀಸಿಗೆ ಪ್ರತಿ ಹಾಕಿದ್ರೆ, ಪುಸ್ತಕ ಹುಡುಕೋನು ಅದನ್ನ ಬಿಟ್ಟು ಡೀಸಿಗೆ ಉತ್ತರ ಬರೆಯೋಕೆ ಕೂರ್ತಾನೆ."

ಅವಳ ಜ್ಞಾಪನ ಪತ್ರ ಹೀಗಿತ್ತು: "ಮಾನ್ಯರೇ, ಜನನ ಪ್ರಮಾಣಪತ್ರದ ಪ್ರತಿಗಾಗಿ ಸಲ್ಲಿಸಿರುವ ನಮ್ಮ ಅರ್ಜಿಯ ಸಕಾಲ ಸಂಖ್ಯೆ ಇಂಥದ್ದು. ಸ್ವೀಕೃತಿಯಲ್ಲಿ ನಮೂದಿಸಿದ ದಿನಾಂಕ ನಿನ್ನೆಗೆ ಮುಗಿದಿದೆ. ಅರ್ಜಿ ಈಗ ಯಾವ ಹಂತದಲ್ಲಿದೆ, ನಮ್ಮಿಂದ ಇನ್ನೇನಾದರೂ ದಾಖಲೆ ಬೇಕೇ ಎಂದು ದಯವಿಟ್ಟು ತಿಳಿಸಿ. ಸ್ವೀಕೃತಿಯ ಪ್ರತಿ ಲಗತ್ತಿಸಿದೆ." ಅರ್ಜಿ ಕೊಟ್ಟಾಗ ಕೈಗೆ ಬರುವ ಸ್ವೀಕೃತಿಯಲ್ಲಿ ಹದಿನೈದು ಅಂಕಿಯ ಸಕಾಲ ಸಂಖ್ಯೆಯೂ ವಿಲೇವಾರಿಯ ಕೊನೆಯ ದಿನವೂ ಇರುತ್ತವೆ. ಆ ದಿನಕ್ಕೆ ಮುಂಚೆ ಜ್ಞಾಪಿಸುವುದು ಕಿರಿಕಿರಿ, ಮರುದಿನ ಜ್ಞಾಪಿಸುವುದು ಹಕ್ಕು ಎಂಬುದು ಅವಳ ಲೆಕ್ಕ. ಅದಕ್ಕೂ ಜಗ್ಗದಿದ್ದರೆ ಮೇಲ್ಮನವಿ. ಐನೂರರ ಮಾತು ಬರುವುದು ಆಮೇಲೆ.

ಅರ್ಜಿ ಕೊಡಲು ಅವಳೇ ಹೊರಟಳು. ಶಕ್ತಿ ಯೋಜನೆ ಬಂದಂದಿನಿಂದ ನಮ್ಮ ಮನೆಯಲ್ಲಿ ಸರ್ಕಾರಿ ಕೆಲಸಗಳೆಲ್ಲ ಅವಳ ಖಾತೆ. ಬಸ್ಸಿಗೆ ದುಡ್ಡು ಕೊಡಬೇಕಾದವನು ನಾನೊಬ್ಬನೇ, ಮತ್ತು ನಾನು ಹೋದರೆ ಕೌಂಟರಿನಲ್ಲಿ ಕರೆಂಟಿನ ಕತೆ ಹೇಳದೆ ಬರುವುದಿಲ್ಲ.

ಹೇಳಿದ ದಿನದೊಳಗೇ ಪ್ರಮಾಣಪತ್ರ ಬಂತು. ನಮೂದು ಸಿಕ್ಕಿದ್ದು 1996ರ ಪುಸ್ತಕದಲ್ಲಿ, ಜನವರಿಯ ಮೊದಲ ಹಾಳೆಗಳಲ್ಲೇ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಗಳ ಹೆಸರಿತ್ತು, ತಾಯಿಯ ಹೆಸರಿತ್ತು, ನನ್ನ ಹೆಸರೂ ಪೂರ್ತಿಯಾಗಿತ್ತು. ನೋಂದಣಿ ಸಂಖ್ಯೆಯನ್ನೂ ನೋಂದಣಿ ದಿನಾಂಕವನ್ನೂ ಅವಳು ರೇಷನ್ ಕಾರ್ಡಿನ ಕವರಿನ ಒಳಗೆ ಬರೆದಿಟ್ಟಿದ್ದಾಳೆ. ಸಂಖ್ಯೆಯೊಂದನ್ನೇ ಬರೆದಿಟ್ಟರೆ ಉಪಯೋಗವಿಲ್ಲ, ವರ್ಷವೂ ಬೇಕು. ನೀವೂ ಬರೆದಿಡಿ.

ಅವಳ ಜ್ಞಾಪನ ಪತ್ರ ಹಾಗೇ ಉಳಿದಿದೆ. ಯಾರಿಗಾದರೂ ದಿನ ದಾಟಿದ್ದರೆ ಸಂಖ್ಯೆ ಬದಲಿಸಿಕೊಂಡು ಧಾರಾಳವಾಗಿ ಬಳಸಬಹುದು. ನನ್ನ ಎರಡು ಪುಟವೂ ನನ್ನ ಬಳಿಯೇ ಇದೆ. ಅದನ್ನು ಇನ್ನೂ ಯಾರೂ ಕೇಳಿಲ್ಲ.